ಸಣ್ಣಕಥೆ: ಮೇಷ್ಟ್ರ ಐದು ಸಾವಿರ ಷೇರು (ಷೇರುಪೇಟೆ ಗೊತ್ತಿರೋರು ಓದಿ ಹೇಳಿ)

ಖಾಲಿಹಾಳೆ

ನಿವೃತ್ತ ಗಣಿತ ಮೇಷ್ಟ್ರೊಬ್ಬರು ಟಿಪ್ ನಂಬಿ ಷೇರು ಕೊಳ್ಳೋ ಕಥೆ ಬರೆದಿದ್ದೀನಿ. ಭಾಷೆ, ಭಾವನೆ ತಿದ್ದೋದು ಆಮೇಲೆ. ಒಳಗಿನ ವ್ಯವಹಾರ ನಿಜವಾಗಿ ಹೀಗೇ ನಡೆಯುತ್ತಾ ಅನ್ನೋದು ನನ್ನ ಪ್ರಶ್ನೆ. ಕಂಪನಿಗೆ ಹೆಸರಿಟ್ಟಿಲ್ಲ, ದರಗಳು ಬರೀ ಅಂಕಿ.

ಕಥೆ:

ಟಿಪ್ ಕೊಟ್ಟವನು ಅಪರಿಚಿತನಾಗಿದ್ದರೆ ಮೇಷ್ಟ್ರು ಫೋನು ಇಟ್ಟುಬಿಡುತ್ತಿದ್ದರು. ಆದರೆ ಅವನು ಅವರದೇ ಶಿಷ್ಯ. ಲೆಕ್ಕದಲ್ಲಿ ಹಂತ ಬಿಡದೆ ಬರೆಯುತ್ತಿದ್ದ ಹುಡುಗ. "ಸಾರ್, ನಿಮಗೆ ಅಂತ ಹೇಳ್ತಿದೀನಿ, ಇನ್ನೂ ಹೊರಗೆ ಬಂದಿಲ್ಲ ಸುದ್ದಿ. ಆ ಕಂಪನಿಗೆ ದೊಡ್ಡ ಕಾಂಟ್ರಾಕ್ಟ್ ಸಿಗುತ್ತೆ. ನಾನೂ ಹಾಕಿದೀನಿ" ಎಂದು ಹೇಳಿ ಅವರನ್ನು ಒಂದು ಗುಂಪಿಗೆ ಸೇರಿಸಿದ. ಗುಂಪಿನಲ್ಲಿ ಬರೆಯುವ ಹಕ್ಕು ಅಡ್ಮಿನ್‌ಗೆ ಮಾತ್ರ. ಉಳಿದವರು ಹೆಬ್ಬೆರಳು ಒತ್ತಬಹುದು.

ಒಂದು ಬೆಳಿಗ್ಗೆ ಸೂಚನೆ ಬಂತು: 10ರಿಂದ 10.30ರ ಒಳಗೆ ಕೊಳ್ಳಿ, ದರ ನೋಡುತ್ತ ಕೂರಬೇಡಿ, ಸಿಕ್ಕ ದರಕ್ಕೆ ಮಾರ್ಕೆಟ್ ಆರ್ಡರ್ ಹಾಕಿ. ಪರದೆಯ ಮೇಲೆ ದರ 40 ಇತ್ತು. ಮೇಷ್ಟ್ರು 5,000 ಷೇರಿಗೆ ಆರ್ಡರ್ ಒತ್ತಿದರು. ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಬಂದವು. ದರ 44 ಆಗಿತ್ತು. ಖಾತೆಯಲ್ಲಿ ಹಸಿರು ಅಕ್ಷರದಲ್ಲಿ 7,680 ಲಾಭ ಕಂಡಿತು. ಒಂದು ನಿಮಿಷದ ದುಡಿಮೆಗೆ ಇಷ್ಟು! ಮೂವತ್ತಕ್ಕೂ ಹೆಚ್ಚು ವರ್ಷ ಬೋರ್ಡಿನ ಮುಂದೆ ನಿಂತದ್ದು ಯಾಕೋ ಪೆದ್ದುತನ ಅನ್ನಿಸಿತು.

ಆಮೇಲಿನ ವಾರಗಳಲ್ಲಿ ದರ 61ಕ್ಕೆ ಹೋಯಿತು. ಮೇಷ್ಟ್ರು ದಿನಕ್ಕೆ ಹತ್ತು ಸಲ ಫೋನು ತೆರೆದರು. ಮಗಳಿಗೆ ಹೇಳಲಿಲ್ಲ. ಮೊತ್ತ ಇನ್ನೂ ದೊಡ್ಡದಾಗಲಿ, ಆಮೇಲೆ ಹೇಳಿದರಾಯಿತು. ಆಗ ಶಿಷ್ಯನ ಫೋನು: "ಸಾರ್, ಸುದ್ದಿ ಇನ್ನೇನು ಬರುತ್ತೆ. ಈಗ ಸೇರಿಸಿದ್ರೆ ಸೇರಿಸಿದ ಹಾಗೆ." ಮೇಷ್ಟ್ರ ಹತ್ತಿರ ಬ್ಯಾಂಕಿನಲ್ಲಿ ಠೇವಣಿಯೊಂದಿತ್ತು, ಷೇರಿಗೆ ಹಾಕಿದ್ದರ ಎಂಟು ಪಟ್ಟು. ನಿವೃತ್ತಿಯ ದಿನ ಬಂದ ಹಣ. ಅವಧಿಗೆ ಮುಂಚೆ ಮುರಿಸಲು ಬೇಕಾದ ಅರ್ಜಿ ತಂದು, ಸಹಿ ಮಾಡಿ, ಮೇಜಿನ ಮೇಲಿಟ್ಟರು.

ರಾತ್ರಿ ಕಾಗದಪತ್ರ ಜೋಡಿಸುವಾಗ ಮೊದಲ ದಿನದ ಖರೀದಿಗೆ ಬ್ರೋಕರ್ ಕೊಟ್ಟ ಕಾಂಟ್ರಾಕ್ಟ್ ನೋಟ್ ಕೈಗೆ ಸಿಕ್ಕಿತು. ತಾವು 40ಕ್ಕೆ ಕೊಂಡೆ ಎಂದೇ ಅವರು ತಿಳಿದಿದ್ದರು. ಅದರಲ್ಲಿ ನಾಲ್ಕು ಸಾಲು ಇತ್ತು. 40ಕ್ಕೆ 600 ಷೇರು. 40.80ಕ್ಕೆ 900. 42ಕ್ಕೆ 1,200. ಉಳಿದ 2,300 ಷೇರು 44ಕ್ಕೆ. ಮೇಷ್ಟ್ರು ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದುಕೊಂಡು ಸರಾಸರಿ ಹಾಕಿದರು. 42.464. ಮೊದಲ ದಿನದ ಆ 7,680 ಲಾಭ ಎಲ್ಲಿಂದ ಬಂತು? ಕೊನೆಯ ಸಾಲು 44. ಅವರ ಸರಾಸರಿ 42.464. ಆ ವ್ಯತ್ಯಾಸವನ್ನು ಐದು ಸಾವಿರದಿಂದ ಗುಣಿಸಿದ್ದೇ ಆ ಹಸಿರು ಅಂಕಿ. ದರವನ್ನು 40ರಿಂದ 44ಕ್ಕೆ ಎತ್ತಿದವರು ಯಾರು? ತಾವೇ.

ಮರುದಿನ ಬ್ಯಾಂಕಿಗೆ ಹೋಗುವ ಮುಂಚೆ ಕೊಳ್ಳುವವರ ಸಾಲು ತೆರೆದು ನೋಡಿದರು. 60ಕ್ಕೆ 200 ಷೇರು ಕೇಳುವವರಿದ್ದರು. 57ಕ್ಕೆ 300, 52ಕ್ಕೆ 400, 45ಕ್ಕೆ 1,000. ಅದರ ಕೆಳಗೆ ಏನೂ ಇಲ್ಲ. ಎಲ್ಲ ಕೂಡಿದರೆ 1,900. ತಮ್ಮ ಹತ್ತಿರ ಇರುವುದು 5,000. ಮೇಷ್ಟ್ರು 500 ಷೇರು ಮಾರಿ ನೋಡಿದರು. ಬಂದದ್ದು 29,100, ಸರಾಸರಿ 58.20. ದರ 57ಕ್ಕೆ ಇಳಿಯಿತು.

ಎರಡು ನಿಮಿಷದಲ್ಲಿ ಗುಂಪಿನಲ್ಲಿ ಅಡ್ಮಿನ್ ಬರೆದ: "ಯಾರು ಮಾರಿದ್ದು? ಅವಸರದವರು ಗುಂಪು ಬಿಡಬಹುದು."

ಮೇಷ್ಟ್ರು ಅರ್ಜಿಯನ್ನು ಹರಿಯಲಿಲ್ಲ. ಅದರ ಹಿಂದೆ ಇನ್ನೊಂದು ಲೆಕ್ಕ ಮಾಡಿದರು. ಅದೇ ದಿನ 400, ಮತ್ತೆ 1,000 ಮಾರಿದರು. ಅಷ್ಟರಲ್ಲಿ ಕೊಳ್ಳುವವರ ಸಾಲು ಬರಿದಾಯಿತು. ಉಳಿದ 3,100 ಷೇರು ಕೈಬಿಟ್ಟು ಹೋಗುವಾಗ ದರ 14. ಒಟ್ಟು ಕೈಸೇರಿದ್ದು 1,38,300. ಹಾಕಿದ್ದು 2,12,320. ಠೇವಣಿ ಮಾತ್ರ ಇದ್ದ ಹಾಗೇ ಇತ್ತು.

(ಇಷ್ಟೇ. ಶಿಷ್ಯನ ಜೊತೆ ಕೊನೆಯ ಮಾತುಕತೆ ಬರೆದು ಅಳಿಸಿದ್ದೀನಿ.)

---

ಹಳೇ_ಡೀಲರ್

ಬ್ರೋಕರ್ ಆಫೀಸಿನಲ್ಲಿ ಡೀಲಿಂಗ್ ಟೇಬಲ್ ಮುಂದೆ ಕೂತು ಕೂದಲು ನರೆಸಿಕೊಂಡವನು ನಾನು. ಕಾಂಟ್ರಾಕ್ಟ್ ನೋಟಿನ ಜಾಗ ಚೆನ್ನಾಗಿದೆ. ಬಹಳ ಜನ ಅದನ್ನು ತೆರೆದೇ ನೋಡೋದಿಲ್ಲ. ಪರದೆಯಲ್ಲಿ ಕಾಣೋ ಲಾಭ ಅಂದ್ರೆ ಕೊನೆಯ ವಹಿವಾಟಿನ ದರವನ್ನು ನಿಮ್ಮ ಷೇರಿನ ಸಂಖ್ಯೆಯಿಂದ ಗುಣಿಸಿ ಅದರಲ್ಲಿ ನೀವು ಹಾಕಿದ ಹಣ ಕಳೆದದ್ದು, ಅಷ್ಟೇ. ಆ ಕೊನೆಯ ವಹಿವಾಟು ಹತ್ತು ಷೇರಿನದ್ದಾಗಿದ್ದರೂ ನಿಮ್ಮ ಐದು ಸಾವಿರಕ್ಕೆ ಅದೇ ದರ ಕಟ್ಟಿ ತೋರಿಸುತ್ತೆ.

ಆದರೆ ಒಂದು ಮುಖ್ಯ ವಿಷಯ ಕಥೆಯಲ್ಲಿ ಬಿಟ್ಟುಹೋಗಿದೆ. ಠೇವಣಿ ಮುರಿಸಿ ಹಾಕು ಅಂತ ಶಿಷ್ಯ ಹೇಳೋ ಹೊತ್ತಿಗೆ ತೆರೆಮರೆಯಲ್ಲಿ ದರ ಏರಿಸ್ತಿರೋ ಆಪರೇಟರ್ ಕೊಳ್ಳೋದು ನಿಲ್ಲಿಸಿ ಮಾರೋಕೆ ಶುರು ಮಾಡಿರ್ತಾನೆ. ಎಂಟು ಪಟ್ಟು ಅಂದ್ರೆ 61ರ ದರದಲ್ಲಿ ಸುಮಾರು 27,800 ಷೇರು. ಮೊದಲ ದಿನ ಐದು ಸಾವಿರ ಕೊಂಡಿದ್ದಕ್ಕೇ ದರ 40ರಿಂದ 44ಕ್ಕೆ ಹಾರಿತ್ತು. ಈಗ ಮೇಷ್ಟ್ರು 27,800ಕ್ಕೆ ಆರ್ಡರ್ ಹಾಕಿದ್ರೆ ದರ 61 ದಾಟದೇ ಎಲ್ಲ ಸಿಕ್ಕಿಬಿಡುತ್ತಿತ್ತು. ಯಾಕಂದ್ರೆ ಅಷ್ಟನ್ನೂ ಕೊಡೋಕೆ ಒಬ್ಬ ಕಾದು ಕೂತಿದ್ದಾನೆ. ಅವನು ಇಷ್ಟು ದಿನ ದರ ಏರಿಸಿದ್ದು ಲಾಭ ತೋರಿಸೋಕೆ ಅಲ್ಲ, ಆ ಠೇವಣಿ ಹೊರಗೆ ಬರಲಿ ಅಂತ.

ಇದು ಹೊರಗಿನಿಂದಲೂ ಗೊತ್ತಾಗುತ್ತೆ. ದಿನದ ವಹಿವಾಟು ಹಿಂದಿನದ್ದರ ಹತ್ತಾರು ಪಟ್ಟು ಆಗಿರುತ್ತೆ, ದರ ಮಾತ್ರ ಒಂದೇ ಕಡೆ ನಿಂತಿರುತ್ತೆ. ಏರೋವಾಗ ಕಡಿಮೆ ಷೇರಿಗೆ ಜಿಗಿದಿದ್ದು ಈಗ ರಾಶಿ ಷೇರಿಗೂ ಅಲುಗಾಡಲ್ಲ. ಮೇಷ್ಟ್ರ ಕೈಲಿ ಆ ಎರಡು ದಿನಗಳನ್ನು ಅಕ್ಕಪಕ್ಕ ಇಡಿಸಿ ನೋಡಿ.

ಬುಲ್_ಬಸವ

ಕಥೆ ಓಕೆ. ಆದ್ರೆ ಇಷ್ಟೆಲ್ಲ ಪೆನ್ಸಿಲ್ ಹಿಡಿಯೋ ಅಗತ್ಯ ಇಲ್ಲ ಗುರು. 55ಕ್ಕೆ ಸ್ಟಾಪ್ ಲಾಸ್ ಹಾಕಿ ಮಲಗಿದ್ರೆ ಆಯ್ತು. ಕೆಳಗೆ ಬಂದ್ರೆ ತಾನಾಗೇ ಮಾರಾಟ ಆಗುತ್ತೆ, ಲಾಭದಲ್ಲೇ ಹೊರಗೆ. ಮೇಷ್ಟ್ರಿಗೆ ಶಿಸ್ತು ಇರ್ಲಿಲ್ಲ ಅಷ್ಟೇ.

ಹಳೇ_ಡೀಲರ್

@ಬುಲ್_ಬಸವ ದೊಡ್ಡ ಕಂಪನಿ ಷೇರಿನಲ್ಲಿ ನೀವು ಹೇಳಿದ್ದು ಬಹುಮಟ್ಟಿಗೆ ನಡೆಯುತ್ತೆ. ಇಲ್ಲಿ ನಡೆಯಲ್ಲ. ಸ್ಟಾಪ್ ಲಾಸ್ ಅನ್ನೋದು ಮಾರಾಟ ಅಲ್ಲ, ಮಾರೋ ಆರ್ಡರನ್ನು ಎಬ್ಬಿಸೋ ಗಂಟೆ. ಗಂಟೆ ಹೊಡೆದ ಮೇಲೆ ಕೊಳ್ಳೋರು ಬೇಕಲ್ಲ? ಮೇಷ್ಟ್ರ ಸಾಲನ್ನೇ ನೋಡಿ. 57ರ ಕೆಳಗೆ ಇರೋದು 52. ದರ 52ಕ್ಕೆ ಬಿದ್ದಾಗ ನಿಮ್ಮ 55ರ ಗಂಟೆ ಹೊಡೆಯುತ್ತೆ. ಮಾರ್ಕೆಟ್ ಆರ್ಡರ್ ಆಗಿದ್ರೆ 52ರಲ್ಲಿ ಉಳಿದದ್ದು, 45, ಆಮೇಲೆ ಪಾತಾಳ. 55ಕ್ಕಿಂತ ಕಡಿಮೆಗೆ ಬೇಡ ಅಂತ ಲಿಮಿಟ್ ಇಟ್ಟಿದ್ರೆ ಆರ್ಡರ್ ಅಲ್ಲೇ ನೇತಾಡ್ತಾ ಇರುತ್ತೆ, ದರ ಕೆಳಗೆ ಹೋಗ್ತಾ ಇರುತ್ತೆ.

ಬುಲ್_ಬಸವ

ಅಷ್ಟು ಕಮ್ಮಿ ಕೊಳ್ಳೋರು ಇರೋ ಷೇರು ಮುಟ್ಟೋದೇ ತಪ್ಪು. ನಾನು ಕೊಳ್ಳೋರ ಸಾಲು ಉದ್ದ ಇದ್ರೇನೇ ಕೈ ಹಾಕೋದು.

ಹಳೇ_ಡೀಲರ್

ಸಾಲು ಉದ್ದ ಕಾಣಿಸೋದೂ ಆ ಆಪರೇಟರ್‌ಗಳ ಕೈಲೇ ಇದೆ. ದರ 61 ಇರುವಾಗ 50ರ ಹತ್ತಿರ ಇಪ್ಪತ್ತು ಸಾವಿರಕ್ಕೆ ಬೇಡಿಕೆ ಹಾಕಿ ಇಟ್ಟಿರ್ತಾರೆ. ನೋಡಿದವರಿಗೆ ಅಬ್ಬಾ ಎಷ್ಟು ಜನ ಕಾಯ್ತಿದ್ದಾರೆ ಅನ್ಸುತ್ತೆ. ದರ 52ಕ್ಕೆ ಬರ್ತಿದ್ದ ಹಾಗೆ ಆ ಆರ್ಡರ್ ಮಾಯ. ಇದು ಬಹಳ ಕಡೆ ಕಾನೂನುಬಾಹಿರ, ಆದರೂ ನಡೆಯುತ್ತೆ. ವಹಿವಾಟಿನ ಸಂಖ್ಯೆಯನ್ನೂ ಹಾಗೇ ಉಬ್ಬಿಸ್ತಾರೆ, ಇವನು ಅವನಿಗೆ ಮಾರೋದು, ಅವನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೆ ಇವನಿಗೆ. ಅದಕ್ಕೇ ಮೇಷ್ಟ್ರು ಮಾರಿ ನೋಡಿದ್ದು ನನಗೆ ಇಷ್ಟ ಆಯ್ತು. ಸಾಲು ನೋಡೋದಕ್ಕಿಂತ ಅದು ಗಟ್ಟಿ ಪರೀಕ್ಷೆ.

ಅದರಲ್ಲೂ 500 ಅನ್ನೋ ಸಂಖ್ಯೆ ಸರಿಯಾಗಿ ಬಿದ್ದಿದೆ. 50 ಷೇರು ಮಾರಿದ್ರೆ 60ಕ್ಕೇ ಹೋಗಿರೋದು, ಮೇಷ್ಟ್ರು ನಿಶ್ಚಿಂತೆಯಿಂದ ಬ್ಯಾಂಕಿಗೆ ಹೋಗ್ತಿದ್ರು. ಸಣ್ಣ ಮಾರಾಟಕ್ಕೆ ಅವರೇ ಕೈ ಕೊಟ್ಟು ಎತ್ತಿಕೊಳ್ತಾರೆ, ನಂಬಿಕೆ ಉಳಿಯಲಿ ಅಂತ. ಇರೋದರಲ್ಲಿ ಹತ್ತನೇ ಒಂದು ಭಾಗ ಮಾರಿದಾಗ ಗೋಡೆ ಟೊಳ್ಳು ಅಂತ ಗೊತ್ತಾಗಿದ್ದು.

ಹೊಸ_ಹೂಡಿಕೆ

ಎಲ್ಲರಿಗೂ ನಮಸ್ಕಾರ. ಈಗ 14ಕ್ಕೆ ಸಿಗ್ತಿದೆ ಅಂದ್ರೆ 61ರಿಂದ ತುಂಬಾ ಬಿದ್ದಿದೆ ಅಲ್ವಾ. ಯಾವ ಕಂಪನಿ ಅಂತ ದಯವಿಟ್ಟು ಹೇಳಿ, ಸ್ವಲ್ಪ ತಗೊಳ್ಳೋಣ ಅಂತ.

ಖಾಲಿಹಾಳೆ

@ಹೊಸ_ಹೂಡಿಕೆ ಇದು ಕಥೆ ಸಾರ್. ಕಂಪನಿಯೂ ನಂದೇ, ಮೇಷ್ಟ್ರೂ ನನ್ನೋರೇ.

ಹೊಸ_ಹೂಡಿಕೆ

ಓ ಸರಿ. ಹೆಸರು ಹೇಳೋಕೆ ಇಷ್ಟ ಇಲ್ಲ ಅಂದ್ರೆ ಪರ್ವಾಗಿಲ್ಲ, ಮೆಸೇಜ್ ಮಾಡಿ.

ಸೀಮೆಸುಣ್ಣ

ನಾನೂ ನಿವೃತ್ತ ಶಿಕ್ಷಕ ಇದ್ದೇನ್ರಿ, ಲೆಕ್ಕಾ ಕಲಿಸ್ಯಾಂವ ಅಲ್ಲ, ಇತಿಹಾಸ. ಷೇರಿನ ಮಾತು ನನಗ ತಿಳಿಯಂಗಿಲ್ಲ. ಆದ್ರ ಮೇಷ್ಟ್ರ ಮನಸು ಸ್ವಲ್ಪ ಹಗುರ ಬರದೀರಿ ಅನಿಸ್ತದ. ದುಡ್ಡಿನ ಆಸೆಗೆ ಅಷ್ಟ ಅವರು ಬಿದ್ದಿಲ್ಲ. ಮೂವತ್ತು ವರ್ಷ "ಸರ್ ಇದು ಹ್ಯಾಂಗ ಬಿಡಿಸೋದ್ರಿ" ಅಂತ ಕೇಳ್ತಿದ್ದ ಹುಡುಗ, ಇವತ್ತು ತಾನಾ ಹೇಳಿಕೊಡಾಕತ್ಯಾನ. ಇಲ್ಲ ಅಂದ್ರ ಅವನ ಮ್ಯಾಲ ನಂಬಿಕಿ ಇಲ್ಲ ಅಂದಂಗ. ನಾವು ಹುಡುಗರ ಮುಂದ "ನನಗ ಗೊತ್ತಿಲ್ಲೋ" ಅನ್ನೂದು ಭಾಳ ಕಷ್ಟ ನೋಡ್ರಿ.

ಇನ್ನೊಂದು. ಅಡ್ಮಿನ್ "ಯಾರು ಮಾರಿದ್ದು" ಅಂದಾಗ ಮೇಷ್ಟ್ರಿಗೆ ಮೊದಲು ನಾಚಿಕಿ ಆಗಬೇಕು. ತರಗತಿಯೊಳಗ ಎಲ್ಲಾರ ಮುಂದ ನಿಂದ್ರಿಸಿದಂಗ. ನೀವು ಸೀದಾ ಜಾಣತನಕ್ಕ ಹೋಗಿಬಿಟ್ಟೀರಿ.

ಖಾಲಿಹಾಳೆ

@ಸೀಮೆಸುಣ್ಣ ನಾಚಿಕೆಯ ಮಾತು ನನಗೆ ಹೊಳೆದೇ ಇರಲಿಲ್ಲ ಸಾರ್, ಸೇರಿಸ್ತೀನಿ. @ಹಳೇ_ಡೀಲರ್ ಒಂದು ಅನುಮಾನ. 500 ಷೇರು ಮಾರಿದ್ದನ್ನು ಅಡ್ಮಿನ್ ಎರಡು ನಿಮಿಷದಲ್ಲಿ ಕಂಡುಹಿಡೀತಾನೆ ಅನ್ನೋದು ಅತಿ ಆಯ್ತಾ?

ಹಳೇ_ಡೀಲರ್

ಅತಿ ಅಲ್ಲ. ಮಾರಿದ್ದು ಯಾರು ಅಂತ ಅವನಿಗೆ ಕಾಣಲ್ಲ. ಆದರೆ ಮಾರುವವರ ಕಡೆ ತಾನು ಬಿಟ್ಟು ಬೇರೆ ಯಾರೂ ಇಲ್ಲದ ಷೇರಿನಲ್ಲಿ ತಾನು ಮಾರದ 500 ಷೇರು ಮಾರಾಟ ಆದ್ರೆ ಎದ್ದು ಕಾಣುತ್ತೆ. ಅವನು ಇಡೀ ದಿನ ನೋಡ್ತಾ ಕೂರೋದೇ ಅದನ್ನ.

"ನಿಮಗೆ ಮಾತ್ರ ಹೇಳ್ತಿದೀನಿ" ಅನ್ನೋ ಸಾಲಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2004ರಲ್ಲಿ ಜನರ ಫೋನಿನ ಧ್ವನಿಪೆಟ್ಟಿಗೆಯಲ್ಲಿ ಸಂದೇಶಗಳು ಬರೋಕೆ ಶುರುವಾಗಿದ್ವು. ಯಾರೋ ಹೆಂಗಸು ತನ್ನ ಗೆಳತಿಗೆ ಗುಟ್ಟಾಗಿ ಷೇರು ಟಿಪ್ ಹೇಳ್ತಿರೋ ಹಾಗೆ, ರಾಂಗ್ ನಂಬರಿಗೆ ಬಂದುಬಿಟ್ಟ ಹಾಗೆ. ಕೇಳಿಸಿಕೊಂಡವರಿಗೆ ಬೇರೆಯವರ ಗುಟ್ಟು ಪುಕ್ಕಟೆ ಸಿಕ್ಕಿತು ಅನ್ನೋ ಖುಷಿ. ಅಲ್ಲಿನ ಷೇರು ನಿಯಂತ್ರಕ ಎಸ್‌ಇಸಿ ಎಚ್ಚರಿಕೆ ಕೊಡಬೇಕಾಯ್ತು. ಅದೇ ಸಂದೇಶ ಎಷ್ಟೋ ಮನೆಗೆ ಹೋಗಿತ್ತು. ಉಪಾಯ ಹಳೇದು, ಈಗ ಫೋನ್ ಗುಂಪು ಬಂದಿದೆ.

ತುಂಬೆಹೂ

ನಮ್ಮ ದೊಡ್ಡಪ್ಪನಿಗೂ ಹೆಚ್ಚುಕಡಿಮೆ ಇದೇ ಆಗಿದೆ. ಅವರು ಮೇಷ್ಟ್ರಲ್ಲ, ಪೆನ್ಸಿಲ್ಲೂ ಹಿಡೀಲಿಲ್ಲ, ಪೂರ್ತಿ ಕಳ್ಕೊಂಡ್ರು. ನನಗೆ ಹೇಳ್ಬೇಕು ಅನ್ಸಿದ್ದು ಅದಾದ ಮೇಲಿನ ಕಥೆ. ಕೆಲವು ತಿಂಗಳು ಕಳೆದ ಮೇಲೆ ಬೇರೊಬ್ಬ ಫೋನ್ ಮಾಡಿದ. "ನಿಮ್ಮ ಹಣ ಸಿಕ್ಕಿಹಾಕ್ಕೊಂಡಿರೋದು ಗೊತ್ತು, ವಾಪಸ್ ಕೊಡಿಸೋ ಕೆಲಸ ನಮ್ಮದು, ಮೊದಲು ಒಂದು ಶುಲ್ಕ ಕಟ್ಟಿ" ಅಂದ. ಎಷ್ಟು ಷೇರು, ಯಾವ ದಿನ ಕೊಂಡದ್ದು ಎಲ್ಲ ಸರಿಯಾಗಿ ಹೇಳಿದ. ಇಷ್ಟು ಗೊತ್ತಿರಬೇಕಾದ್ರೆ ಸರ್ಕಾರದ ಕಡೆಯವನೇ ಅಂತ ದೊಡ್ಡಪ್ಪ ನಂಬಿಬಿಟ್ರು. ಆ ಶುಲ್ಕವೂ ಹೋಯ್ತು. ನಮಗೆ ಗೊತ್ತಾಗಿದ್ದೇ ಆಗ, ಮೊದಲನೇದನ್ನು ಯಾರಿಗೂ ಹೇಳಿರ್ಲಿಲ್ಲ.

ನಿಮ್ಮ ಮೇಷ್ಟ್ರೂ ಮಗಳಿಗೆ ಹೇಳಿಲ್ಲ. ಆ ಎಳೆ ಹಾಗೇ ಬಿಟ್ಟಿದ್ದೀರಿ.

ಹಳೇ_ಡೀಲರ್

@ತುಂಬೆಹೂ ಅಷ್ಟು ವಿವರ ಗೊತ್ತಿರೋದು ಅದೇ ಗುಂಪು ನಡೆಸಿದವರಿಗೆ ಇರಬಹುದು, ಅಥವಾ ಅವರಿಂದ ಪಟ್ಟಿ ಕೊಂಡವರಿಗೆ. ಒಂದು ಸಲ ಮೋಸ ಹೋದವರ ಪಟ್ಟಿಗೆ ಬೆಲೆ ಜಾಸ್ತಿ. ನಿಯಂತ್ರಕ ಸಂಸ್ಥೆಯವರು ಫೋನ್ ಮಾಡಿ ಮುಂಗಡ ಶುಲ್ಕ ಕೇಳಲ್ಲ.

ರಾತ್ರಿಪಾಳಿ

ನಂಗೊಂದು ಡೌಟು. ಕೊಳ್ಳೋರೇ ಇಲ್ಲ ಅಂದ್ಮೇಲೆ ದಿನದ ಇಳಿಕೆಯ ಮಿತಿ ಮುಟ್ಟಿ ಲೋವರ್ ಸರ್ಕ್ಯೂಟ್ ಬೀಳ್ಬೇಕಲ್ವಾ? ಒಂದೇ ದಿನ 60ರಿಂದ 45ಕ್ಕೆ ಹೇಗೆ ಬಂತು?

ಹಳೇ_ಡೀಲರ್

ಒಳ್ಳೆ ಪ್ರಶ್ನೆ. ಖಾಲಿಹಾಳೆಯವರ ಪೇಟೆಯಲ್ಲಿ ದಿನದ ಮಿತಿ ಇಲ್ಲ ಅಂತ ಇಟ್ಕೊಂಡು ಓದಿದೆ, ಎಲ್ಲ ಕಡೆ ಮಿತಿ ಇರಲ್ಲ. ದಿನಕ್ಕೆ ಶೇ 5 ಮಿತಿ ಇದ್ದಿದ್ರೆ ಆ 52, 45ರ ಸಾಲುಗಳು ಪರದೆಗೇ ಬರ್ತಿರಲಿಲ್ಲ, ಮೊದಲ ದಿನ 40ರಿಂದ 44ಕ್ಕೆ ಹಾರೋದೂ ಆಗ್ತಿರಲಿಲ್ಲ.

ಆದರೆ ಮಿತಿ ಇದ್ದ ಕಡೆ ಮೇಷ್ಟ್ರ ಪಾಡು ಇನ್ನೂ ಕೆಟ್ಟದ್ದು. ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಶೇ 5 ಕೆಳಗೆ ಹೋಗಿ ನಿಲ್ಲುತ್ತೆ. ಮಾರೋರು ಲಕ್ಷ ಷೇರು ಇಟ್ಕೊಂಡು ಸಾಲಲ್ಲಿ, ಕೊಳ್ಳೋರ ಕಡೆ ಸೊನ್ನೆ. ಮರುದಿನ ಮತ್ತೆ ಅದೇ. 45ರಿಂದ 14ಕ್ಕೆ ಬರೋಕೆ ಸುಮಾರು 23 ವಹಿವಾಟಿನ ದಿನ ಬೇಕು, ಅಂದ್ರೆ ತಿಂಗಳಿಗೂ ಹೆಚ್ಚು ಕಾಲ ದಿನಾ ಮುಳುಗೋದನ್ನು ನೋಡ್ತಾ ಕೂರಬೇಕು. ಆಗ ಎಲ್ಲರ ದರವೂ ಒಂದೇ ಆಗಿರೋದ್ರಿಂದ ಮೊದಲು ಆರ್ಡರ್ ಹಾಕಿದವನಿಗೆ ಮೊದಲ ಸರದಿ. ಅದಕ್ಕೇ ಗೊತ್ತಿರೋರು ಪೇಟೆ ತೆರೆಯೋ ಸೆಕೆಂಡಿಗೆ ಕಾದು ಕೂರ್ತಾರೆ. ಹತ್ತು ಗಂಟೆಗೆ ನಿಧಾನವಾಗಿ ಫೋನ್ ತೆರೆಯೋ ನಿವೃತ್ತರಿಗೆ ಅಲ್ಲಿ ಜಾಗ ಸಿಗೋದು ಕಷ್ಟ.

ಬುಲ್_ಬಸವ

ಸರಿ ಒಪ್ಪಿದೆ. ಆದ್ರೂ ಆ ಶಿಷ್ಯನನ್ನು ಯಾಕೆ ಬಿಟ್ರಿ? ಕಥೆಯಲ್ಲಿ ಅವನೇ ಕಳ್ಳ. ಪೊಲೀಸ್ ಕಂಪ್ಲೇಂಟ್ ಹಾಕಿಸಿ.

ಖಾಲಿಹಾಳೆ

ಅವನು ಕಳ್ಳ ಅಂತ ನಾನು ಬರೆದಿಲ್ಲವಲ್ಲ. ಅವನೂ 40ಕ್ಕೋ 50ಕ್ಕೋ ಕೊಂಡು ಸಿಕ್ಕಿಹಾಕ್ಕೊಂಡವನು ಅಂತ ನನ್ನ ಮನಸ್ಸಿನಲ್ಲಿತ್ತು.

ಹಳೇ_ಡೀಲರ್

ಎರಡೂ ಆಗಿರಬಹುದು. ಹೊಸಬರನ್ನು ಸೇರಿಸಿದವರಿಗೆ ಕಮಿಷನ್ ಕೊಡೋ ಗುಂಪುಗಳಿವೆ, ಏನೂ ಕೊಡದೆ ಬರೀ ನಂಬಿಕೆಯಿಂದ ನಡೆಯೋ ಗುಂಪುಗಳೂ ಇವೆ. ಎರಡನೆಯದ್ದರಲ್ಲಿ ಟಿಪ್ ಕೊಟ್ಟವನು ಹಸಿರು ಅಂಕಿ ನೋಡಿ ಪ್ರಾಮಾಣಿಕವಾಗಿಯೇ ಖುಷಿಪಟ್ಟು ತನಗೆ ಬೇಕಾದವರಿಗೆ ಹೇಳಿರ್ತಾನೆ. ಆಪರೇಟರಿಗೆ ಅಂಥವನೇ ಚೆನ್ನ, ದನಿಯಲ್ಲಿ ಸುಳ್ಳು ಇರಲ್ಲ. ಕಥೆಯಲ್ಲಿ "ನಾನೂ ಹಾಕಿದೀನಿ" ಅನ್ನೋದು ನಿಜವೇ ಆಗಿರಲಿ ಅಂತ ನನ್ನ ಅಭಿಪ್ರಾಯ.

ಸೀಮೆಸುಣ್ಣ

ಹಂಗಿದ್ರ ಮೇಷ್ಟ್ರು 500 ಮಾರಿ ನೋಡಿದ ಮ್ಯಾಲ ಮೊದಲು ಅವನಿಗೆ ಫೋನ್ ಹಚ್ಚಬೇಕಿತ್ತಲ್ರಿ? "ಹೊರಗ ಬಾರೋ ತಮ್ಮಾ" ಅನ್ನಬೇಕಿತ್ತು. ಸುಮ್ಮನ 1,400 ತಾವು ಮಾರಿಕೊಂಡ್ರು. ಆ ಕೊಳ್ಳೋರ ಸಾಲಿನ್ಯಾಗ ಇದ್ದದ್ದಾ 1,900. ಹುಡುಗಗ ಏನು ಉಳೀತು?

ಖಾಲಿಹಾಳೆ

ಆ ಮಾತುಕತೆಯನ್ನೇ ನಾನು ಅಳಿಸಿದ್ದು ಸಾರ್. ಒಂದು ಕರಡಿನಲ್ಲಿ ಮೇಷ್ಟ್ರು ಮೊದಲು ಫೋನ್ ಮಾಡ್ತಾರೆ, ಶಿಷ್ಯ ನಂಬೋದಿಲ್ಲ, ಅಡ್ಮಿನ್‌ಗೆ ಕೇಳಿಬಿಡ್ತಾನೆ. ಅಷ್ಟರಲ್ಲಿ ಸಾಲು ಖಾಲಿ, ಮೇಷ್ಟ್ರಿಗೂ ಏನೂ ಸಿಗಲ್ಲ. ಇನ್ನೊಂದರಲ್ಲಿ ಎಲ್ಲ ಮಾರಿದ ಮೇಲೆ ಮಾಡ್ತಾರೆ.

ತುಂಬೆಹೂ

ನಾನಾಗಿದ್ರೆ ಎರಡನೇದು. ಮೊದಲು ನನ್ನ ಮನೆ.

ಸೀಮೆಸುಣ್ಣ

ನಾ ಒಪ್ಪಂಗಿಲ್ಲವ್ವ. ಮಾರಿಕೊಂಡು ಫೋನ್ ಮಾಡೋ ಮೇಷ್ಟ್ರ ಕಥಿ ನನಗ ಬ್ಯಾಡ.

ಹಳೇ_ಡೀಲರ್

ಇದರಲ್ಲಿ ನಾನಿಲ್ಲ, ಕಥೆಗಾರರಿಗೆ ಬಿಟ್ಟದ್ದು. ಒಂದು ತಿದ್ದುಪಡಿ ಮಾತ್ರ. ಉಳಿದ 3,100ನ್ನು 14ಕ್ಕೆ ಒಂದೇ ಏಟಿಗೆ ಮಾರಿಸಬೇಡಿ. ಅಂಥ ದಿನಗಳಲ್ಲಿ 200, 300 ಹಾಗೆ ಬಿಡಿಬಿಡಿಯಾಗಿ ಹೋಗುತ್ತೆ. 18ಕ್ಕೆ ಸ್ವಲ್ಪ, 15ಕ್ಕೆ ಸ್ವಲ್ಪ, 11ಕ್ಕೆ ಸ್ವಲ್ಪ ಅಂತ ಹಂಚಿ ಬರೆದು ಸರಾಸರಿ 14 ಬರೋ ಹಾಗೆ ನೋಡ್ಕೊಳ್ಳಿ. ಆಗ ಕಾಂಟ್ರಾಕ್ಟ್ ನೋಟ್ ನಾಲ್ಕು ಸಾಲಲ್ಲಿ ಮುಗಿಯಲ್ಲ, ಪುಟಗಟ್ಟಲೆ ಬರುತ್ತೆ.